‘ಇಲ್ಲಿ ನೋಡಿ’ ಅಂದರೆ ಎಲ್ಲಿ?

ಯಾವುದಾದರೂ ಒಂದು ಎಲೆಕ್ಟ್ರಾನಿಕ್ಸ್ ಲ್ಯಾಬ್ ವಿಡಿಯೋ ಹಾಕಿ, ಫೋನನ್ನು ಮಗುಚಿ ಇಟ್ಟು, ಬರೀ ಕೇಳಿಸಿಕೊಳ್ಳಿ. ಸಾಮಾನ್ಯವಾಗಿ ಕಿವಿಗೆ ಬೀಳೋದು ಇಂಥ ಮಾತು: “ಈಗ ಇದನ್ನ ಇಲ್ಲಿಗೆ ಕನೆಕ್ಟ್ ಮಾಡೋಣ. ಇದನ್ನ ಸ್ವಲ್ಪ ಜಾಸ್ತಿ ಮಾಡಿದ್ರೆ, ನೋಡಿ, ಇಷ್ಟು ಬಂತು. ಗ್ರಾಫ್ ಹೀಗೆ ಹೋಗಿ ಹೀಗೆ ಏರುತ್ತೆ. ಅರ್ಥ ಆಯ್ತಲ್ವಾ?”

ಏನೂ ಅರ್ಥ ಆಗಿರಲ್ಲ. ಯಾವುದನ್ನು ಯಾವುದಕ್ಕೆ ಜೋಡಿಸಿದರು, ಎಷ್ಟು ಬಂತು, ಗ್ರಾಫ್ ಹೇಗೆ ಏರಿತು, ಎಲ್ಲವೂ ಪರದೆಯಲ್ಲೇ ಉಳಿದುಬಿಟ್ಟಿವೆ. ಕಣ್ಣು ಕಾಣದ ವಿದ್ಯಾರ್ಥಿಗೆ ಸಿಗುವ ಪಾಠ ಇಷ್ಟೇ. ನಾವು ನಾಲ್ಕು ಜನ ಕುರುಬರಹಳ್ಳಿಯಲ್ಲಿ, ಸ್ನೇಹಿತನ ಮನೆಯ ಮಹಡಿ ರೂಮಿನಲ್ಲಿ, ಡಯೋಡ್ ಬಗ್ಗೆ ಆರು ನಿಮಿಷದ ಒಂದು ಕನ್ನಡ ವಿಡಿಯೋ ಮಾಡಿದೆವು. ಅದೇ ಬೀದಿಯಲ್ಲಿರುವ ಸೆಕೆಂಡ್ ಪಿಯುಸಿ ಹುಡುಗನೊಬ್ಬನಿಗೆ ಅದು ಬೇಕಿತ್ತು. ಅವನಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಫಿಸಿಕ್ಸ್‌ನ ಸೆಮಿಕಂಡಕ್ಟರ್ ಪಾಠದಲ್ಲಿ ಬರುವ ಡಯೋಡ್ ಗ್ರಾಫಿನ ಬಗ್ಗೆ ಉತ್ತರ ಅವನಿಗೆ ಬಾಯಿಪಾಠ ಆಗಿತ್ತು. ಆದರೆ ಆ ಗೆರೆ ಯಾಕೆ ಬಾಗುತ್ತೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಆ ವಿಡಿಯೋದ ಸ್ಕ್ರಿಪ್ಟ್ ಹೇಗೆ ಬರೆದೆವು ಅನ್ನೋದನ್ನ ಇಲ್ಲಿ ಹಂತ ಹಂತವಾಗಿ ಹೇಳ್ತೀವಿ.

ಸಿನಿಮಾ ಬೇರೆ, ಪಾಠ ಬೇರೆ

ದೃಶ್ಯವನ್ನು ಮಾತಿನಲ್ಲಿ ಹೇಳುವ ಈ ಪದ್ಧತಿಗೆ ಆಡಿಯೋ ಡಿಸ್ಕ್ರಿಪ್ಶನ್ ಅಂತಾರೆ. 1981ರಲ್ಲಿ ಅಮೆರಿಕದ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ ನಾಟಕಗಳಿಗೆ ಹೀಗೆ ವಿವರಣೆ ಕೊಡೋದು ಶುರುವಾಯಿತು. ಆಮೇಲೆ ಅದು ಟಿವಿಗೆ, ಸಿನಿಮಾಗೆ ಬಂತು. ಸಂಭಾಷಣೆ ನಿಂತ ಜಾಗದಲ್ಲಿ ಇನ್ನೊಂದು ದನಿ “ಅವಳು ಪತ್ರ ಹರಿದು ಒಲೆಗೆ ಹಾಕುತ್ತಾಳೆ” ಅಂತ ಹೇಳಿ ಸುಮ್ಮನಾಗುತ್ತೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ನಿನಲ್ಲೂ ಇದರ ಹೆಸರಿದೆ. ಎಲೆಕ್ಟ್ರಾನಿಕ್ ಮಾಧ್ಯಮ ಎಲ್ಲರಿಗೂ ಸಿಗುವಂತೆ ಮಾಡಲು ಆಡಿಯೋ ಡಿಸ್ಕ್ರಿಪ್ಶನ್, ಸಂಜ್ಞಾಭಾಷೆ ಮತ್ತು ಕ್ಯಾಪ್ಶನ್ ಒದಗಿಸಬೇಕು ಅಂತ ಅದು ಸರ್ಕಾರಕ್ಕೆ ಹೇಳುತ್ತೆ.

ಸಿನಿಮಾದಲ್ಲಿ ವಿವರಣೆ ಬರೆಯುವವರು ಸಂಭಾಷಣೆಯನ್ನು ಮುಟ್ಟುವ ಹಾಗಿಲ್ಲ. ಸಿಕ್ಕ ಖಾಲಿ ಜಾಗದಲ್ಲೇ ಎಲ್ಲವನ್ನೂ ತುರುಕಬೇಕು. ಪಾಠದ ವಿಡಿಯೋದಲ್ಲಿ ಖಾಲಿ ಜಾಗವೇ ಇರಲ್ಲ, ಯಾಕಂದ್ರೆ ಮೇಷ್ಟ್ರು ಪೂರ್ತಿ ಮಾತಾಡ್ತಾನೇ ಇರ್ತಾರೆ. ಆದರೆ ಪಾಠದಲ್ಲಿ ಒಂದು ದೊಡ್ಡ ಅನುಕೂಲ ಇದೆ: ಶೂಟಿಂಗಿಗೆ ಮುಂಚೆ ಮಾತನ್ನೇ ಬದಲಾಯಿಸಬಹುದು. ವೆಬ್ ವಿಷಯಕ್ಕೆ ಜಗತ್ತೆಲ್ಲ ಬಳಸುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯೂ ಇದನ್ನು ಒಪ್ಪುತ್ತೆ. ದೃಶ್ಯದಲ್ಲಿರುವ ಮಾಹಿತಿಯೆಲ್ಲ ಮುಖ್ಯ ಮಾತಿನಲ್ಲೇ ಬಂದಿದ್ದರೆ ಪ್ರತ್ಯೇಕ ವಿವರಣೆ ಬೇಕಿಲ್ಲ ಅನ್ನುತ್ತೆ ಅದು.

ಹಾಗಾಗಿ ನಮ್ಮ ಕೆಲಸದ ಕ್ರಮ ಹೀಗಿತ್ತು: ಮೊದಲು ಮೇಷ್ಟ್ರ ಮಾತನ್ನು ಸರಿಮಾಡೋದು, ಆಮೇಲೆ ಏನು ಉಳಿಯಿತು ಅಂತ ನೋಡೋದು, ಉಳಿದದ್ದಕ್ಕೆ ಮಾತ್ರ ವಿವರಣೆಯ ಸೂಚನೆ ಬರೆಯೋದು. ವಿಡಿಯೋ ಮುಗಿದ ಮೇಲೆ ವಿವರಣೆ ಅಂಟಿಸೋಕೆ ಹೋದರೆ ಈ ಕ್ರಮ ತಲೆಕೆಳಗಾಗುತ್ತೆ. ಒಂದೇ ಸಾಲು ತಿದ್ದಿದ್ದರೆ ಸಾಕಾಗಿದ್ದ ಕಡೆ ಹತ್ತು ಸೆಕೆಂಡಿನ ವಿವರಣೆ ಹಾಕಬೇಕಾಗುತ್ತೆ, ಅದಕ್ಕೆ ಜಾಗವೂ ಇರಲ್ಲ.

ಮೊದಲು ಮಾತನ್ನು ತಿದ್ದೋದು

ಸ್ಕ್ರಿಪ್ಟ್ ಟೈಪ್ ಮಾಡಿದ ಮೇಲೆ ಐದು ಪದಗಳನ್ನು ಹುಡುಕಿ: ಇದು, ಅದು, ಇಲ್ಲಿ, ಹೀಗೆ, ಇಷ್ಟು. ಇವು ಬಂದ ಕಡೆಯಲ್ಲೆಲ್ಲ ಮಾತಾಡುವವರ ಬೆರಳು ಪರದೆಯ ಕಡೆ ಹೋಗಿರುತ್ತೆ. ಪ್ರತಿಯೊಂದರ ಜಾಗಕ್ಕೂ ವಸ್ತುವಿನ ಹೆಸರನ್ನೋ ಸಂಖ್ಯೆಯನ್ನೋ ಹಾಕಿ. “ಇದನ್ನ ಇಲ್ಲಿಗೆ ಕನೆಕ್ಟ್ ಮಾಡೋಣ” ಅನ್ನೋದು “ರೆಸಿಸ್ಟರ್‌ನ ಇನ್ನೊಂದು ತುದಿಯನ್ನ ಅಮ್ಮೀಟರ್‌ನ ಪ್ಲಸ್‌ಗೆ ಕನೆಕ್ಟ್ ಮಾಡೋಣ” ಆಗುತ್ತೆ. “ಇಷ್ಟು ಬಂತು” ಅನ್ನೋದು “2.4 ಮಿಲಿಆಂಪ್ ಬಂತು” ಆಗುತ್ತೆ. ಎರಡೇ ಸೆಕೆಂಡು ಜಾಸ್ತಿ. ನೋಟ್ಸ್ ಬರೆದುಕೊಳ್ತಾ ತಲೆ ಬಗ್ಗಿಸಿರುವ ಕಣ್ಣಿರುವ ವಿದ್ಯಾರ್ಥಿಗೂ ಅದು ಸಿಗುತ್ತೆ.

ಕನ್ನಡಕ್ಕೇ ಸೇರಿದ ಇನ್ನೆರಡು ತೊಡಕುಗಳಿವೆ. ಒಂದು, ‘ಮೇಲೆ’ ಅನ್ನೋ ಪದ. “ಡಯೋಡ್ ಮೇಲೆ ವೋಲ್ಟ್‌ಮೀಟರ್ ಹಾಕಿ” ಅಂದಾಗ ಕಣ್ಣಿಗೆ ಸರ್ಕ್ಯೂಟ್ ಕಾಣುತ್ತಿದ್ದರೆ ಗೊಂದಲ ಇಲ್ಲ. ಬರೀ ಕೇಳುವವರಿಗೆ ಅದು ಡಯೋಡ್‌ಗೆ ತಾಗಿಕೊಂಡಾ, ಅದಕ್ಕಿಂತ ಎತ್ತರದಲ್ಲಾ, ಡಯೋಡ್ ಆದ ನಂತರವಾ ಅಂತ ಗೊತ್ತಾಗಲ್ಲ. ‘ನಂತರ’ ಅಂತ ತಿಳಿದರೆ ವೋಲ್ಟ್‌ಮೀಟರ್ ಸೀರೀಸ್‌ಗೆ ಹೋಗಿಬಿಡುತ್ತೆ, ಪ್ರಯೋಗವೇ ಕೆಟ್ಟಂತೆ. “ಡಯೋಡ್‌ನ ಎರಡು ತುದಿಗಳ ನಡುವೆ ವೋಲ್ಟ್‌ಮೀಟರ್” ಅಂತ ಬರೆದರೆ ಬೇರೆ ಅರ್ಥಕ್ಕೆ ಅವಕಾಶ ಇಲ್ಲ.

ಎರಡು, ನಾವು ಮಾತಾಡುವಾಗ ಕರ್ತೃಪದವನ್ನು ಸಲೀಸಾಗಿ ಬಿಟ್ಟುಬಿಡ್ತೀವಿ. “ಜಾಸ್ತಿ ಮಾಡಿದಾಗ ಏರುತ್ತೆ” ಅಂದರೆ ಏನನ್ನು ಜಾಸ್ತಿ ಮಾಡಿದಾಗ, ಏನು ಏರುತ್ತೆ? ಈ ಪ್ರಯೋಗದಲ್ಲಿ ಏರುವ ಅಂಕಿಗಳು ಮೂರಿವೆ: ಸಪ್ಲೈ ವೋಲ್ಟೇಜ್, ಡಯೋಡ್ ವೋಲ್ಟೇಜ್, ಕರೆಂಟ್. ಬರೀ ‘ವೋಲ್ಟೇಜ್’ ಅಂದರೂ ಸಾಲಲ್ಲ. ಹಾಗಾಗಿ ಈ ಮೂರು ಹೆಸರುಗಳನ್ನು ಸ್ಕ್ರಿಪ್ಟ್‌ನ ಮೊದಲ ಪುಟದಲ್ಲೇ ಬರೆದಿಟ್ಟು, ಕೊನೆವರೆಗೂ ಅವನ್ನೇ ಬಳಸಿದೆವು. ಒಂದು ಕಡೆ ಕರೆಂಟ್, ಇನ್ನೊಂದು ಕಡೆ ವಿದ್ಯುತ್ ಪ್ರವಾಹ ಅಂತ ಬದಲಾಯಿಸಿದರೆ ಬರೀ ಕೇಳುವವರಿಗೆ ಅದು ಹೊಸ ವಸ್ತು ಅನ್ನಿಸಬಹುದು.

ಸೂತ್ರಗಳಿಗೂ ಇದೇ ಕಥೆ. ಡಯೋಡ್‌ನ ಡೈನಾಮಿಕ್ ರೆಸಿಸ್ಟೆನ್ಸ್ ಸೂತ್ರ ಪರದೆಯಲ್ಲಿ ಹೀಗಿತ್ತು:

```
r = (V2 - V1) / (I2 - I1)
```

ಇದನ್ನು “ವಿ ಟೂ ಮೈನಸ್ ವಿ ಒನ್ ಬೈ ಐ ಟೂ ಮೈನಸ್ ಐ ಒನ್” ಅಂತ ಒಂದೇ ಉಸಿರಿಗೆ ಓದಿದರೆ ಭಾಗಾಕಾರ ಎಲ್ಲಿಂದ ಎಲ್ಲಿವರೆಗೆ ಅಂತ ಕಿವಿಗೆ ತಿಳಿಯಲ್ಲ. ಬ್ರಾಕೆಟ್‌ಗಳು ಕಣ್ಣಿಗೆ ಮಾತ್ರ ಇವೆ. ನಾವು ಬರೆದದ್ದು: “ಒಂದು ಭಿನ್ನರಾಶಿ. ಅಂಶದಲ್ಲಿ ವಿ ಟೂ ಮೈನಸ್ ವಿ ಒನ್. ಛೇದದಲ್ಲಿ ಐ ಟೂ ಮೈನಸ್ ಐ ಒನ್. ಭಿನ್ನರಾಶಿ ಮುಗಿಯಿತು.” ಕೊನೆಯ ಎರಡು ಪದ ಜಾಸ್ತಿ ಅನ್ನಿಸಬಹುದು. ಆದರೆ ಸೂತ್ರ ಎಲ್ಲಿ ಮುಗಿದು ಮಾತು ಎಲ್ಲಿ ಶುರುವಾಯಿತು ಅಂತ ಹೇಳೋದು ಅವೇ.

ಉಳಿದದ್ದಕ್ಕೆ ಸೂಚನೆ

ಇಷ್ಟಾದ ಮೇಲೆ ಸ್ಕ್ರಿಪ್ಟಿನ ಪಕ್ಕ ದೃಶ್ಯಗಳ ಪಟ್ಟಿ ಇಟ್ಟುಕೊಂಡು, ಪ್ರತಿ ದೃಶ್ಯಕ್ಕೂ ಒಂದೇ ಪ್ರಶ್ನೆ ಕೇಳಿದೆವು: ಇದು ಗೊತ್ತಿಲ್ಲದಿದ್ದರೆ ಮುಂದಿನ ಮಾತು ಅರ್ಥವಾಗದೇ ಹೋಗುತ್ತಾ? ವೈರುಗಳ ಬಣ್ಣ, ಮೇಷ್ಟ್ರ ಶರ್ಟು, ಟೇಬಲ್ ಬಟ್ಟೆ ಗೊತ್ತಿಲ್ಲದಿದ್ದರೆ ಏನೂ ಕೆಡಲ್ಲ. ಡಯೋಡ್ ಮೇಲಿನ ಬೆಳ್ಳಿ ಪಟ್ಟಿ ಗೊತ್ತಿಲ್ಲದಿದ್ದರೆ ಕೆಡುತ್ತೆ. ನಾವು ಬಳಸಿದ 1N4007 ಡಯೋಡಿನಲ್ಲಿ ಕ್ಯಾಥೋಡ್ ಯಾವ ಕಡೆ ಅಂತ ಹೇಳೋದು ಆ ಪಟ್ಟಿ ಮಾತ್ರ. ಅದು ಬರೀ ಬಣ್ಣ, ಬೆರಳಿಗೆ ಸಿಗಲ್ಲ. ಅದಕ್ಕೇ ವಿಡಿಯೋದಲ್ಲಿ ಎಲ್ಇಡಿಗಳಲ್ಲಿ ಇರುವ ಹಾಗೆ ಕ್ಯಾಥೋಡ್ ಕಾಲನ್ನು ಸ್ವಲ್ಪ ಗಿಡ್ಡ ಕತ್ತರಿಸಿ, ಅದನ್ನೂ ಹೇಳಿದೆವು. ಮುಂದೆ ಆ ಹುಡುಗ ಅದೇ ಡಯೋಡನ್ನು ಕೈಯಲ್ಲಿ ಹಿಡಿದಾಗ ಬೆರಳಿಂದಲೇ ದಿಕ್ಕು ಗುರುತಿಸಬಹುದು.

ಆರು ನಿಮಿಷಕ್ಕೆ ಕೊನೆಗೆ ಉಳಿದದ್ದು ಮೂರೇ ಸೂಚನೆ: ಡಯೋಡ್ ತೋರಿಸುವ ಕ್ಲೋಸಪ್, ಜೋಡಿಸಿ ಮುಗಿದ ಸರ್ಕ್ಯೂಟ್, ಗ್ರಾಫ್. ಇವುಗಳಿಗೆ ಜಾಗ ಅಳೆಯಬೇಕು. ನಮ್ಮ ಗುಂಪಿನಲ್ಲಿ ವಿವರಣೆ ಓದುವವಳು ಸ್ಪಷ್ಟವಾಗಿ ಓದಿದರೆ ಸೆಕೆಂಡಿಗೆ ಸುಮಾರು ಎರಡು ಪದ ಆಗುತ್ತೆ. ಇಂಗ್ಲಿಷ್ ಲೆಕ್ಕವನ್ನು ಇಲ್ಲಿಗೆ ತರಬಾರದು. ‘ಜೋಡಿಸಿರುವುದರಿಂದ’ ಅನ್ನೋದು ನಮಗೆ ಒಂದೇ ಪದ, ಓದೋಕೆ ಮಾತ್ರ ಒಂದು ಸೆಕೆಂಡೇ ಬೇಕು. ಪದ ಎಣಿಸಿ ಅಂದಾಜು ಮಾಡಿ, ಕೊನೆಗೆ ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ ನೋಡೋದೇ ದಾರಿ.

ಮೊದಲ ಸೂಚನೆ ಹೀಗಿದೆ. ವೆಬ್ ಪ್ಲೇಯರ್‌ಗಳಿಗೆ ಕೊಡುವ ಟೆಕ್ಸ್ಟ್ ಫೈಲಿನ ರೂಪದಲ್ಲೇ ತೋರಿಸ್ತೀವಿ:

```
WEBVTT

01:12.000 --> 01:18.000
ಡಯೋಡ್‌ನ ಒಂದು ತುದಿಯ ಹತ್ತಿರ ಬೆಳ್ಳಿ ಬಣ್ಣದ ಪಟ್ಟಿ.
ಪಟ್ಟಿ ಇರುವ ಕಾಲು ಮೈನಸ್ ಸಾಲಿಗೆ.
```

ಹನ್ನೆರಡು ಪದ, ಆರು ಸೆಕೆಂಡು. ಆ ಆರು ಸೆಕೆಂಡು ಮೇಷ್ಟ್ರು ಸುಮ್ಮನಿರಬೇಕು ಅಂತ ಸ್ಕ್ರಿಪ್ಟಿನಲ್ಲೇ ಬರೆದಿತ್ತು. ಶೂಟಿಂಗ್‌ನಲ್ಲಿ ಅವರು ಡಯೋಡನ್ನು ಕ್ಯಾಮೆರಾ ಮುಂದೆ ಹಿಡಿದು ಮನಸ್ಸಿನಲ್ಲೇ ಆರು ಎಣಿಸಿ ಮುಂದುವರಿದರು.

ಸೂಚನೆ ಎಲ್ಲಿ ಬರಬೇಕು ಅನ್ನೋದೂ ಮುಖ್ಯ. ಮೇಷ್ಟ್ರು “ಈ ಪಟ್ಟಿಯಿಂದ ಕರೆಂಟಿನ ದಿಕ್ಕು ಗೊತ್ತಾಗುತ್ತೆ” ಅಂದಾದ ಮೇಲೆ ಪಟ್ಟಿ ಇದೆ ಅಂತ ಹೇಳಿದರೆ, ಕೇಳುವವನು ಆ ಹೊತ್ತಿಗೆ ‘ಯಾವ ಪಟ್ಟಿ’ ಅಂತ ಯೋಚಿಸ್ತಾ ಒಂದು ವಾಕ್ಯ ಕಳಕೊಂಡಿರುತ್ತಾನೆ. ವಸ್ತು ಮೊದಲು, ಅದರ ಬಗ್ಗೆ ಮಾತು ಆಮೇಲೆ. ಹಾಗೇ ವಿವರಣೆಯ ದನಿ ಮೇಷ್ಟ್ರ ದನಿಗಿಂತ ಬೇರೆ ಇರಬೇಕು. ಯಾವುದು ಪಾಠ, ಯಾವುದು ದೃಶ್ಯ ಅಂತ ಕಿವಿ ಬೇರ್ಪಡಿಸೋದು ದನಿಯಿಂದಲೇ. ಕುರುಬರಹಳ್ಳಿ ಮೇನ್ ರೋಡಿನ ಬಸ್ ಹಾರ್ನ್ ಮೇಷ್ಟ್ರ ಮಾತಿನ ಕೆಳಗೆ ಬಂದರೆ ಪರವಾಗಿಲ್ಲ, ಅವರು ಅದೇ ವಿಷಯವನ್ನ ಇನ್ನೊಂದು ಸಲ ಹೇಳ್ತಾರೆ. ವಿವರಣೆ ಒಂದೇ ಸಲ ಬರೋದು. ಅದಕ್ಕೇ ವಿವರಣೆಯನ್ನು ರಾತ್ರಿ ಹನ್ನೊಂದರ ಮೇಲೆ ಕಿಟಕಿ ಮುಚ್ಚಿ ರೆಕಾರ್ಡ್ ಮಾಡಿದೆವು.

ಗ್ರಾಫ್

ಗ್ರಾಫ್ ವಿವರಣೆಗೆ ಒಂದು ಕ್ರಮ ಇದೆ. ಮೊದಲು ಅಕ್ಷಗಳು, ಅವುಗಳ ಹೆಸರು, ಎಲ್ಲಿಂದ ಎಲ್ಲಿವರೆಗೆ. ಆಮೇಲೆ ಗೆರೆ ಎಲ್ಲಿ ಶುರುವಾಗಿ ಹೇಗೆ ಸಾಗುತ್ತೆ. ಕೊನೆಗೆ ಆಯ್ದ ಕೆಲವು ಬಿಂದುಗಳು. ಈ ಕ್ರಮ ತಪ್ಪಿದರೆ ಗೆರೆ ಇಡೋಕೆ ತಲೆಯಲ್ಲಿ ಕಾಗದವೇ ಇರಲ್ಲ. ನಮ್ಮ ಸ್ಕ್ರಿಪ್ಟಿನ ಆ ಭಾಗ:

ಮೇಷ್ಟ್ರು: ನಮ್ಮ ರೀಡಿಂಗ್‌ಗಳನ್ನ ಈಗ ಗ್ರಾಫ್‌ನಲ್ಲಿ ಹಾಕಿದೀನಿ.

(ಚಿತ್ರ ನಿಲ್ಲಿಸಿ, 23 ಸೆಕೆಂಡು)

ವಿವರಣೆ: ಗ್ರಾಫ್. ಎಕ್ಸ್ ಅಕ್ಷದಲ್ಲಿ ಡಯೋಡ್ ವೋಲ್ಟೇಜ್, ಸೊನ್ನೆಯಿಂದ 0.8 ವೋಲ್ಟ್. ವೈ ಅಕ್ಷದಲ್ಲಿ ಕರೆಂಟ್, ಸೊನ್ನೆಯಿಂದ 10 ಮಿಲಿಆಂಪ್. ಗೆರೆ ಸೊನ್ನೆಯಿಂದ ಹೊರಟು 0.5 ವೋಲ್ಟ್‌ವರೆಗೆ ಎಕ್ಸ್ ಅಕ್ಷಕ್ಕೆ ಅಂಟಿಕೊಂಡಂತೆ ಸಾಗುತ್ತದೆ. ಅಲ್ಲಿಂದ ಬಾಗಿ ಮೇಲೇರುತ್ತದೆ. 0.6 ವೋಲ್ಟ್‌ನಲ್ಲಿ 2.4 ಮಿಲಿಆಂಪ್. 0.65 ವೋಲ್ಟ್‌ನಲ್ಲಿ 6.8 ಮಿಲಿಆಂಪ್.

ಮೇಷ್ಟ್ರು: ಕೊನೆಯ ಎರಡು ಬಿಂದುಗಳನ್ನ ಸೂತ್ರಕ್ಕೆ ಹಾಕೋಣ.

ಇಷ್ಟು ಉದ್ದದ ವಿವರಣೆಗೆ ಮಾತಿನ ನಡುವೆ ಜಾಗ ಸಿಗಲ್ಲ. ಚಿತ್ರವನ್ನೇ ನಿಲ್ಲಿಸಬೇಕು. ಇದಕ್ಕೆ ಎಕ್ಸ್‌ಟೆಂಡೆಡ್ ಡಿಸ್ಕ್ರಿಪ್ಶನ್ ಅಂತಾರೆ. ವಿಡಿಯೋ ಆ ಮಟ್ಟಿಗೆ ಉದ್ದ ಆಗುತ್ತೆ, ಅಷ್ಟೇ.

ವಿವರಣೆಯಲ್ಲಿ ಇಲ್ಲದ್ದನ್ನೂ ಗಮನಿಸಿ. “ಡಯೋಡ್ ಆನ್ ಆಗುತ್ತದೆ” ಅಂತ ಅಲ್ಲಿ ಇಲ್ಲ. ಅದು ಗ್ರಾಫ್ ನೋಡಿ ವಿದ್ಯಾರ್ಥಿ ತಾನೇ ಕಟ್ಟಬೇಕಾದ ತೀರ್ಮಾನ. ಕಣ್ಣಿರುವವರಿಗೆ ಗೆರೆ ತೋರಿಸಿ ಯೋಚಿಸೋಕೆ ಬಿಟ್ಟು, ಕಣ್ಣಿಲ್ಲದವರಿಗೆ ನೇರವಾಗಿ ಉತ್ತರ ಕೊಟ್ಟರೆ ಮತ್ತೆ ಬಾಯಿಪಾಠಕ್ಕೇ ಬಂದಂತೆ. ವಿವರಣೆ ಕಂಡದ್ದನ್ನು ಮಾತ್ರ ಹೇಳಬೇಕು. ಅರ್ಥ ಹೇಳೋದು ಮೇಷ್ಟ್ರ ಕೆಲಸ, ಅದೂ ಎಲ್ಲರಿಗೂ ಒಂದೇ ಹೊತ್ತಿಗೆ.

ಕೇಳಿಸಿ ನೋಡೋದು

ಕ್ಯಾಮೆರಾ ತೆಗೆಯೋಕೆ ಮುಂಚೆ ಸ್ಕ್ರಿಪ್ಟನ್ನು ಬರೀ ದನಿಯಲ್ಲಿ ರೆಕಾರ್ಡ್ ಮಾಡಿ ಆ ಹುಡುಗನಿಗೆ ಕೇಳಿಸಿದೆವು. ನಾವೇ ಕಣ್ಣು ಮುಚ್ಚಿ ಕೇಳಿದರೆ ಸಾಲಲ್ಲ. ನಮಗೆ ಸರ್ಕ್ಯೂಟ್ ಮೊದಲೇ ಗೊತ್ತಿರುತ್ತೆ, ಬಿಟ್ಟುಹೋದದ್ದನ್ನು ತಲೆ ತಾನೇ ತುಂಬಿಕೊಂಡುಬಿಡುತ್ತೆ. “ಅರ್ಥ ಆಯ್ತಾ?” ಅಂತ ಕೇಳೋದರಿಂದಲೂ ಉಪಯೋಗ ಇಲ್ಲ, ಮರ್ಯಾದೆಗೆ ಎಲ್ಲರೂ ಹೂಂ ಅಂತಾರೆ. ನಾವು ಮಾಡಿಸಿದ್ದು ಎರಡು ಕೆಲಸ. ಸಪ್ಲೈ ಪ್ಲಸ್‌ನಿಂದ ಮೈನಸ್‌ವರೆಗೆ ಕರೆಂಟಿನ ದಾರಿಯನ್ನ ಹೆಸರು ಹೇಳ್ತಾ ಬಾ ಅಂದೆವು. ಅವನು “ಪ್ಲಸ್, ಒಂದು ಕಿಲೋಓಮ್ ರೆಸಿಸ್ಟರ್, ಅಮ್ಮೀಟರ್, ಡಯೋಡ್‌ನ ಉದ್ದ ಕಾಲು, ಗಿಡ್ಡ ಕಾಲು, ಮೈನಸ್” ಅಂದ. ವೋಲ್ಟ್‌ಮೀಟರ್ ಎಲ್ಲಿ ಅಂದರೆ “ಡಯೋಡಿನ ಎರಡು ಕಾಲಿಗೆ” ಅಂದ. ಆಮೇಲೆ ಗ್ರಾಫನ್ನು ಟೇಬಲ್ ಮೇಲೆ ಬೆರಳಲ್ಲಿ ಎಳೆ ಅಂದೆವು. ಬೆರಳು ಟೇಬಲ್ ಅಂಚಿಗೆ ತಾಗಿಕೊಂಡೇ ಬಲಕ್ಕೆ ಹೋಯಿತು, ನಿಂತಿತು.

“ಅಕ್ಕಾ, ಇಲ್ಲಿ ಒಂದೇ ಸಲಕ್ಕೆ ತಿರುಗುತ್ತಾ, ನಿಧಾನಕ್ಕೆ ತಿರುಗುತ್ತಾ?” ಅಂತ ಕೇಳಿದ.

ಒಳ್ಳೆ ಪ್ರಶ್ನೆ. ‘ಬಾಗಿ ಮೇಲೇರುತ್ತದೆ’ ಅನ್ನೋ ಮಾತಿನಲ್ಲಿ ಅದಕ್ಕೆ ಉತ್ತರ ಇಲ್ಲ. ನಮ್ಮ ರೀಡಿಂಗ್ ಪಟ್ಟಿಯಲ್ಲಿದ್ದ ನಾಲ್ಕು ಅಂಕಿಗಳನ್ನು ಓದಿ ಹೇಳಿದೆವು: 0.5 ವೋಲ್ಟ್‌ಗೆ 0.3 ಮಿಲಿಆಂಪ್, 0.55ಕ್ಕೆ 0.85, 0.6ಕ್ಕೆ 2.4, 0.65ಕ್ಕೆ 6.8. ಅವನು ಒಂದು ನಿಮಿಷ ಸುಮ್ಮನಿದ್ದು, “ಪ್ರತಿ ಸಲ ಹತ್ತಿರ ಹತ್ತಿರ ಮೂರು ಪಟ್ಟು ಆಗ್ತಿದೆಯಲ್ಲಾ” ಅಂದ.

ಲೆಕ್ಕ ಹಾಕಿ ನೋಡಿ, ಪ್ರತಿ 0.05 ವೋಲ್ಟ್‌ಗೂ ಸುಮಾರು 2.8 ಪಟ್ಟು. ಇದೇ ಎಕ್ಸ್‌ಪೊನೆನ್ಶಿಯಲ್ ಏರಿಕೆ, ಡಯೋಡ್ ಸಮೀಕರಣ ಹೇಳೋದೂ ಇದನ್ನೇ. ಚಿತ್ರದಲ್ಲಿ 0.6ರ ಆಸುಪಾಸಿನಲ್ಲಿ ಕಾಣುವ ‘ಮಂಡಿ’ ಡಯೋಡಿನಲ್ಲಿ ನಡೆಯುವ ಯಾವುದೋ ವಿಶೇಷ ಘಟನೆ ಅಲ್ಲ. 0.5ಕ್ಕಿಂತ ಕೆಳಗೂ ಕರೆಂಟ್ ಅದೇ ರೀತಿ ಪಟ್ಟು ಪಟ್ಟಾಗಿ ಏರ್ತಾ ಬಂದಿರುತ್ತೆ. 10 ಮಿಲಿಆಂಪ್‌ವರೆಗಿನ ಅಳತೆಯಲ್ಲಿ ಅದು ಕಣ್ಣಿಗೆ ಸೊನ್ನೆಯಂತೆ ಕಾಣುತ್ತೆ, ಅಷ್ಟೇ. ವೈ ಅಕ್ಷವನ್ನು 0.1 ಮಿಲಿಆಂಪ್‌ಗೆ ಇಳಿಸಿದರೆ ಮಂಡಿ ಎಡಕ್ಕೆ ಸರಿಯುತ್ತೆ. ಚಿತ್ರ ನೋಡಿ ‘0.7ರಲ್ಲಿ ಆನ್’ ಅಂತ ಬರೆದುಕೊಂಡು ಮುಂದೆ ಹೋಗುವವರಿಗೆ ಇದು ಹೊಳೆಯೋದು ಕಷ್ಟ. ಅಂಕಿ ಕೇಳಿದವನಿಗೆ ಹೊಳೆಯಿತು.

ವಿವರಣೆಯಲ್ಲಿ ‘ಬಾಗಿ ಮೇಲೇರುತ್ತದೆ’ ಇದ್ದ ಕಡೆ ‘ನಿಧಾನವಾಗಿ ಬಾಗಿ ಮೇಲೇರುತ್ತದೆ’ ಅಂತ ಆಯಿತು, ನಾಲ್ಕೂ ಬಿಂದುಗಳು ಸೇರಿದವು. ಚಿತ್ರ ನಿಲ್ಲುವ ಹೊತ್ತು 23ರಿಂದ 28 ಸೆಕೆಂಡಿಗೆ ಹೋಯಿತು. ಕೊನೆಯ ಎರಡು ಬಿಂದುಗಳನ್ನು ಸೂತ್ರಕ್ಕೆ ಹಾಕಿದರೆ 0.05 ವೋಲ್ಟ್ ಭಾಗಿಸು 4.4 ಮಿಲಿಆಂಪ್, ಅಂದರೆ ಸುಮಾರು 11.4 ಓಮ್. ಅದನ್ನು ಅವನು ಮನಸ್ಸಿನಲ್ಲೇ ಮಾಡಿದ.

ವಿಡಿಯೋ ಕೈಗೆ ಕೊಡುವಾಗ

ಮೇಲೆ ತೋರಿಸಿದ ಟೆಕ್ಸ್ಟ್ ಫೈಲನ್ನು ವೆಬ್ ಪುಟದಲ್ಲಿ ಹೀಗೆ ಸೇರಿಸಬಹುದು:

```
<track kind="descriptions" src="diode-ad.vtt" srclang="kn">
```

ಆದರೆ ಇದನ್ನೇ ನಂಬಿ ಕೂರಬೇಡಿ. ಸಾಮಾನ್ಯ ಬ್ರೌಸರ್‌ಗಳ ಪ್ಲೇಯರ್ ಈ ಫೈಲನ್ನು ತಾನಾಗಿ ಗಟ್ಟಿಯಾಗಿ ಓದಲ್ಲ. ಓದುವ ಪ್ಲೇಯರ್‌ಗಳು ಬೇರೆ ಇವೆ, ಅವನ್ನು ಪುಟಕ್ಕೆ ಹಾಕಬೇಕು. ವಾಟ್ಸಾಪಿನಲ್ಲಿ ಕಳಿಸಿದಾಗಂತೂ ವಿಡಿಯೋ ಮಾತ್ರ ಹೋಗುತ್ತೆ. ಹಾಗಾಗಿ ನಾವು ವಿವರಣೆಯ ದನಿಯನ್ನು ಧ್ವನಿಯಲ್ಲೇ ಬೆರೆಸಿ ಒಂದೇ ವಿಡಿಯೋ ಮಾಡಿದೆವು. ಮೂರೇ ಸೂಚನೆ ಇರುವುದರಿಂದ ಕಣ್ಣಿರುವವರಿಗೂ ಅದು ಅಡ್ಡಿ ಅನ್ನಿಸಲ್ಲ.

ಜೊತೆಗೆ ರೀಡಿಂಗ್ ಪಟ್ಟಿಯನ್ನು ಪ್ರತ್ಯೇಕ ಟೆಕ್ಸ್ಟ್ ಫೈಲಾಗಿ ಕೊಟ್ಟೆವು, ಫೋಟೋ ಆಗಿ ಅಲ್ಲ. ಫೋನಿನ ಸ್ಕ್ರೀನ್ ರೀಡರ್‌ಗೆ ಅದನ್ನು ಸಾಲು ಸಾಲಾಗಿ ಓದೋಕೆ ಆಗುತ್ತೆ, ಎಷ್ಟು ಸಲ ಬೇಕಾದರೂ ಹಿಂದೆ ಹೋಗಬಹುದು. ಆಡಿಯೋ ವಿವರಣೆಯ ಮಿತಿ ಇರೋದು ಇಲ್ಲೇ: ಅದು ಕಾಲದ ಜೊತೆ ಓಡಿಹೋಗುತ್ತೆ. ನಾಲ್ಕೈದು ಬಿಂದುಗಳಿಗಿಂತ ಹೆಚ್ಚು ಇದ್ದರೆ, ಅಥವಾ ಮೂರು ಗೆರೆ ಒಂದನ್ನೊಂದು ದಾಟುವ ಗ್ರಾಫ್ ಇದ್ದರೆ, ಅದನ್ನು ಕೇಳಿ ತಲೆಯಲ್ಲಿ ಇಟ್ಟುಕೊಳ್ಳೋಕೆ ಯಾರಿಗೂ ಆಗಲ್ಲ. ಅಲ್ಲಿಗೆ ಬೆರಳಿಗೆ ಸಿಗುವ ಉಬ್ಬು ಚಿತ್ರವೇ ಬೇಕು. ಬೆಂಗಳೂರಿನಲ್ಲೇ, ಐಐಐಟಿ-ಬಿಯಲ್ಲಿ ಬೆಳೆದ ವಿಷನ್ ಎಂಪವರ್ ಸಂಸ್ಥೆ ದೃಷ್ಟಿ ಇಲ್ಲದ ಮಕ್ಕಳಿಗೆ ವಿಜ್ಞಾನ, ಗಣಿತ ಮುಟ್ಟಿಸುವ ಇಂಥ ಸಾಮಗ್ರಿಗಳ ಮೇಲೆ ಕೆಲಸ ಮಾಡುತ್ತಿದೆ.

ನಮ್ಮ ಮುಂದಿನ ವಿಡಿಯೋ ಹಾಫ್ ವೇವ್ ರೆಕ್ಟಿಫೈಯರ್ ಬಗ್ಗೆ. ಆಸಿಲೋಸ್ಕೋಪ್ ಪರದೆಯಲ್ಲಿ ಎರಡು ಅಲೆಗಳು ಒಂದರ ಕೆಳಗೊಂದು ಓಡ್ತಿರುತ್ತವೆ. ಅದರ ಸ್ಕ್ರಿಪ್ಟಿನಲ್ಲಿ ಸದ್ಯಕ್ಕೆ ‘ಹೀಗೆ’ ಅನ್ನೋ ಪದ ಹದಿನಾಲ್ಕು ಸಲ ಇದೆ. ಒಂದೊಂದಾಗಿ ತೆಗೀತಾ ಇದೀವಿ. ಕ್ಲಬ್ ರೂಮಿಗೆ ಬಂದು ಕಣ್ಣು ಕಟ್ಟಿಕೊಳ್ಳದೇನೇ ಕೇಳಿ, ಎಲ್ಲಿ ತಲೆ ಎತ್ತಿ ಪರದೆ ನೋಡಬೇಕು ಅನ್ನಿಸಿತೋ ಆ ಸಾಲನ್ನು ಗುರುತು ಹಾಕಿಕೊಡಿ.